ಮಡಿಸಿದರೆ ಅರ್ಧವಾಗುವ ಲೆಕ್ಕ

ಅಂತರ್ಜಾಲದಲ್ಲಿ ಹಲವು ವರ್ಷಗಳಿಂದ ಒಂದು ಚಿತ್ರ ಸುತ್ತುತ್ತಿದೆ. ಉಚಿತ ವೈಫೈ ಇದೆ, ಕೆಳಗಿನ ಲೆಕ್ಕದ ಉತ್ತರದ ಮೊದಲ ಹತ್ತು ಅಂಕಿಗಳೇ ಪಾಸ್‌ವರ್ಡ್ ಎಂದು ಅದರಲ್ಲಿ ಬರೆದಿದೆ. ಅದರಡಿ ಒಂದು ನಿಶ್ಚಿತ ಅನುಕಲನ. x ಬೆಲೆ −2ರಿಂದ 2ರವರೆಗೆ:

∫ (x³ cos(x/2) + 1/2) √(4 − x²) dx

ಕಲನಶಾಸ್ತ್ರ ಓದಿದವರಿಗೂ ನೋಡಿದ ಕೂಡಲೇ ಎದೆ ಒಮ್ಮೆ ಧಸಕ್ಕೆನ್ನುವಂಥ ಮೊತ್ತ ಇದು. ಘನ ಇದೆ, ಕೊಸೈನ್ ಇದೆ, ಮೇಲಿಂದ ವರ್ಗಮೂಲ ಬೇರೆ. ನೇರವಾಗಿ ಬಿಡಿಸಲು ಕೂತರೆ ಮೊದಲ ತುಂಡೇ ಕೈಕೊಡುತ್ತದೆ. x³ cos(x/2) √(4 − x²) ಎಂಬುದಕ್ಕೆ ಪಿಯುಸಿಯಲ್ಲಿ ಕಲಿಸುವ ಯಾವ ಸೂತ್ರವೂ ಹೊಂದುವುದಿಲ್ಲ. ಆದರೂ ಉಪಾಯ ಬಲ್ಲವರು ಪೆನ್ನು ಮುಟ್ಟದೆ ಉತ್ತರ ಹೇಳುತ್ತಾರೆ: ಪೈ. ಆ ಉಪಾಯದ ಹೆಸರು ಸಮಮಿತಿ.

ನಿಶ್ಚಿತ ಅನುಕಲನ ಎಂದರೆ ಒಂದು ವಕ್ರರೇಖೆಗೂ x-ಅಕ್ಷಕ್ಕೂ ನಡುವೆ ಸಿಕ್ಕ ಜಾಗದ ಲೆಕ್ಕ. ಆದರೆ ಇದು ಸರ್ವೆಯವರ ವಿಸ್ತೀರ್ಣವಲ್ಲ. ಅಕ್ಷದ ಮೇಲಿನ ಜಾಗವನ್ನು ಕೂಡಬೇಕು, ಕೆಳಗಿನದನ್ನು ಕಳೆಯಬೇಕು. ಕಳೆಯುವ ಈ ಕಟ್ಟಳೆಯಿಂದಲೇ ದೊಡ್ಡ ದೊಡ್ಡ ತುಂಡುಗಳು ಒಮ್ಮೊಮ್ಮೆ ಇದ್ದಕ್ಕಿದ್ದಂತೆ ಮಾಯವಾಗುವುದು ಸಾಧ್ಯ.

ಇಲ್ಲಿ ಎರಡು ಜಾತಿಯ ಫಲನಗಳು, ಅಂದರೆ ಕಾಲೇಜಿನ ಹುಡುಗರ ಬಾಯಲ್ಲಿ ಫಂಕ್ಷನ್‌ಗಳು, ಮುಖ್ಯ. x ಬದಲು −x ಹಾಕಿದರೂ ಬೆಲೆ ಬದಲಾಗದಿದ್ದರೆ ಅದು ಸಮ ಫಲನ. x² ಹಾಗೆ: 3ರ ವರ್ಗವೂ 9, −3ರ ವರ್ಗವೂ 9. ಅದರ ನಕ್ಷೆಯನ್ನು ಕಾಗದದ ಮೇಲೆ ಬರೆದು y-ಅಕ್ಷದ ಗುಂಟ ಮಡಿಸಿದರೆ ಎಡಭಾಗ ಬಲಭಾಗದ ಮೇಲೆ ಸರಿಯಾಗಿ ಕೂರುತ್ತದೆ. −x ಹಾಕಿದಾಗ ಬೆಲೆಯ ಚಿಹ್ನೆ ಮಾತ್ರ ತಿರುಗಿದರೆ ಅದು ಬೆಸ ಫಲನ. x³ ಹಾಗೆ: 2ಕ್ಕೆ 8, −2ಕ್ಕೆ −8. ಬಲಗಡೆ ಅಕ್ಷದ ಮೇಲಿದ್ದದ್ದು ಎಡಗಡೆ ಅಷ್ಟೇ ಕೆಳಗಿರುತ್ತದೆ.

ಈ ಹೆಸರುಗಳನ್ನು ಗಣಿತಕ್ಕೆ ತಂದವನು ಲಿಯೊನಾರ್ಡ್ ಆಯ್ಲರ್. 1727ರಲ್ಲಿ, ಇಪ್ಪತ್ತರ ಪ್ರಾಯದಲ್ಲಿ, ಲ್ಯಾಟಿನ್‌ನಲ್ಲಿ ಬರೆದ ಒಂದು ಪ್ರಬಂಧದಲ್ಲಿ ಅವನು ಫಲನಗಳನ್ನು ಹೀಗೆ ಸಮ, ಬೆಸ ಎಂದು ವಿಂಗಡಿಸಿದ. ಅದೇ ವರ್ಷ ಅವನು ಸೇಂಟ್ ಪೀಟರ್ಸ್‌ಬರ್ಗ್‌ನ ಅಕಾಡೆಮಿ ಸೇರಿದ್ದು. ಹೆಸರಿನ ಮೂಲ ಘಾತಾಂಕದಲ್ಲಿದೆ: x², x⁴, x⁶ ಸಮ, x, x³, x⁵ ಬೆಸ. ಘಾತಾಂಕವೇ ಕಾಣದ cos x, sin x ಕೂಡ ಈ ವಿಂಗಡಣೆಗೆ ಒಳಪಡುತ್ತವೆ. cos x ಅನ್ನು ಸರಣಿಯಾಗಿ ಬಿಡಿಸಿದರೆ 1 − x²/2 + x⁴/24 ಎಂದು ಬರೀ ಸಮ ಘಾತಗಳೇ ಬರುತ್ತವೆ. sin x ಸರಣಿಯಲ್ಲಿ x − x³/6 + x⁵/120 ಎಂದು ಬೆಸ ಘಾತಗಳು ಮಾತ್ರ.

ಇನ್ನು ಅನುಕಲನಕ್ಕೆ ಬರೋಣ. −aಯಿಂದ a ತನಕದ ಹಾದಿಯನ್ನು ಸೊನ್ನೆಯ ಹತ್ತಿರ ಎರಡಾಗಿ ಕತ್ತರಿಸಿ. ಎಡಗಡೆಯ ತುಂಡಿನಲ್ಲಿ x ಇದ್ದ ಕಡೆ −t ಬರೆಯಿರಿ. x ಬೆಲೆ −aಯಿಂದ ಸೊನ್ನೆಗೆ ಬಂದರೆ t ಬೆಲೆ aಯಿಂದ ಸೊನ್ನೆಗೆ ಇಳಿಯುತ್ತದೆ. dx ಎಂಬುದು −dt ಆಗುತ್ತದೆ. ಆ ಮೈನಸ್ ಚಿಹ್ನೆಯನ್ನು ಮಿತಿಗಳ ಅದಲುಬದಲಿಗೆ ಬಳಸಿಕೊಂಡರೆ ಎಡಗಡೆಯ ತುಂಡು ಸೊನ್ನೆಯಿಂದ aವರೆಗಿನ f(−t)ಯ ಅನುಕಲನವಾಗಿ ನಿಲ್ಲುತ್ತದೆ. ಅಂದರೆ ಎಡಭಾಗವನ್ನು ಮಡಿಸಿ ಬಲಭಾಗದ ಮೇಲೆ ಹಾಕಿದಂತೆ. ಒಟ್ಟು ಮೊತ್ತ ಹೀಗಾಗುತ್ತದೆ:

∫ f(x) dx (−aಯಿಂದ a) = ∫ [f(x) + f(−x)] dx (0ಯಿಂದ a)

ಪಠ್ಯಪುಸ್ತಕಗಳು ಈ ಸಾಲನ್ನು ದಾಟಿ ಬೇಗ ಮುಂದೆ ಓಡುತ್ತವೆ. f ಸಮವಾದರೆ ಆವರಣದೊಳಗೆ 2f(x), ಆದ್ದರಿಂದ ಉತ್ತರ ಅರ್ಧಭಾಗದ ಎರಡರಷ್ಟು. f ಬೆಸವಾದರೆ ಒಳಗೆ ಸೊನ್ನೆ, ಉತ್ತರವೂ ಸೊನ್ನೆ. ವಿದ್ಯಾರ್ಥಿಗಳು ಉರುಹೊಡೆಯುವುದು ಈ ಎರಡು ಫಲಿತಾಂಶಗಳನ್ನು. ದ್ವಿತೀಯ ಪಿಯು ಮಕ್ಕಳಿಗೆ ಇದನ್ನು ಸಾಧಿಸಿ ತೋರಿಸಿ, ಬಳಿಕ ಒಂದು ಲೆಕ್ಕ ಮಾಡಿ ಎನ್ನುವ ಪ್ರಶ್ನೆ ಚಿರಪರಿಚಿತ. ಆದರೆ ನಿಜವಾದ ಸರಕು ಇರುವುದು ಮೇಲಿನ ಸಾಲಿನಲ್ಲೇ. ಅದು ಸಮ, ಬೆಸ ಎರಡೂ ಅಲ್ಲದ ಫಲನಕ್ಕೂ ಸಲ್ಲುತ್ತದೆ. ಆ ಮಾತು ಮುಂದೆ ಬರುತ್ತದೆ.

ಮೊದಲು ವೈಫೈ ಲೆಕ್ಕ ಮುಗಿಸೋಣ. ಆವರಣ ಬಿಡಿಸಿದರೆ ಎರಡು ತುಂಡು. ಮೊದಲನೆಯದರಲ್ಲಿ x³ ಬೆಸ, cos(x/2) ಸಮ, √(4 − x²) ಸಮ. −x ಹಾಕಿದರೆ ಮೈನಸ್ ಚಿಹ್ನೆ ಹೊರಬರುವುದು x³ನಿಂದ ಮಾತ್ರ. ಇಡೀ ಗುಣಲಬ್ಧ ಬೆಸವಾಯಿತು, ಮಿತಿಗಳು −2 ಮತ್ತು 2, ಆದ್ದರಿಂದ ಆ ಭೀಕರ ತುಂಡಿನ ಬೆಲೆ ಸೊನ್ನೆ. ಉಳಿದದ್ದು √(4 − x²)ರ ಅರ್ಧ. y = √(4 − x²) ಎಂಬುದು ತ್ರಿಜ್ಯ 2 ಇರುವ ವೃತ್ತದ ಮೇಲಿನ ಅರ್ಧ. ಪೂರ್ಣ ವೃತ್ತದ ವಿಸ್ತೀರ್ಣ 4π, ಅರ್ಧವೃತ್ತದ್ದು 2π, ಅದರಲ್ಲಿ ಅರ್ಧ π. ಅನುಕಲನದ ಸೂತ್ರ ಒಂದೂ ಬೇಕಾಗಲಿಲ್ಲ, ಹೈಸ್ಕೂಲಿನ ವೃತ್ತವೇ ಸಾಕಾಯಿತು.

ಪಾಸ್‌ವರ್ಡ್ 3141592653. ಹತ್ತು ಅಂಕಿ ತೋರಿಸುವ ಕ್ಯಾಲ್ಕುಲೇಟರ್ ನೆಚ್ಚಿಕೊಂಡವರಿಗೆ ಇಲ್ಲೊಂದು ಸಣ್ಣ ಗುಂಡಿ ಕಾದಿದೆ. ಅದು ಕೊನೆಯ ಅಂಕಿಯನ್ನು ದುಂಡುಮಾಡಿ 3.141592654 ಎಂದು ತೋರಿಸುತ್ತದೆ. ಲೆಕ್ಕ ಸರಿ ಮಾಡಿಯೂ ವೈಫೈ ಸಿಗದೆ ಹೋಗಬಹುದು.

ಗುಣಾಕಾರದ ವಿಷಯದಲ್ಲಿ ಎಡವುವವರು ಬಹಳ. ಸಂಖ್ಯೆಗಳಲ್ಲಿ ಬೆಸವನ್ನು ಬೆಸದಿಂದ ಗುಣಿಸಿದರೆ ಬೆಸ: 3 × 5 = 15. ಆ ರೂಢಿಯಲ್ಲೇ x sin x ಕೂಡ ಬೆಸ ಎಂದು ಬರೆದು ಉತ್ತರ ಸೊನ್ನೆ ಮಾಡಿಬಿಡುತ್ತಾರೆ. ಫಲನಗಳಲ್ಲಿ ಬೆಸವನ್ನು ಬೆಸ ಗುಣಿಸಿದರೆ ಸಮ ಬರುತ್ತದೆ, ಎರಡು ಮೈನಸ್ ಸೇರಿ ಪ್ಲಸ್ ಆಗುವುದರಿಂದ. x³ ಅನ್ನು x⁵ರಿಂದ ಗುಣಿಸಿದರೆ ಘಾತಾಂಕಗಳು ಕೂಡಿ x⁸ ಆಗುವುದನ್ನು ನೆನೆದರೆ ಗೊಂದಲ ತೊಲಗುತ್ತದೆ: ಫಲನಗಳ ಗುಣಾಕಾರ ಇಲ್ಲಿ ಸಂಖ್ಯೆಗಳ ಸಂಕಲನದ ನಿಯಮ ಪಾಲಿಸುತ್ತದೆ.

ಕೆಲವು ಫಲನಗಳು ತಾವು ಬೆಸ ಎಂಬುದನ್ನು ಮುಖದಲ್ಲಿ ತೋರಗೊಡುವುದಿಲ್ಲ. log(x + √(x² + 1)) ಅಂಥದ್ದು. ಒಳಗೆ ವರ್ಗ ಇದೆ, ಮೂಲ ಇದೆ, x ಒಂಟಿಯಾಗಿಯೂ ಇದೆ. ಸಮವೂ ಅಲ್ಲ, ಬೆಸವೂ ಅಲ್ಲ ಎಂದು ಕೈಬಿಡುವುದೇ ಸಹಜ. ಆದರೆ ಮಡಿಕೆಯ ಸಾಲು ಹೇಳಿದಂತೆ f(x), f(−x) ಎರಡನ್ನೂ ಕೂಡಿ ನೋಡಿ. ಲಾಗರಿತಮ್‌ಗಳನ್ನು ಕೂಡುವುದೆಂದರೆ ಒಳಗಿನದನ್ನು ಗುಣಿಸುವುದು. (√(x² + 1) + x) ಮತ್ತು (√(x² + 1) − x) ಇವೆರಡರ ಗುಣಲಬ್ಧ (x² + 1) − x², ಅಂದರೆ 1. log 1 ಸೊನ್ನೆ. ಹಾಗಾಗಿ ಇದು ಅಪ್ಪಟ ಬೆಸ ಫಲನ, ಇದನ್ನು −1ರಿಂದ 1ರವರೆಗೆ ಕೊಟ್ಟರೂ −100ರಿಂದ 100ರವರೆಗೆ ಕೊಟ್ಟರೂ ಉತ್ತರ ಸೊನ್ನೆ. ಪ್ರವೇಶ ಪರೀಕ್ಷೆಗಳ ಪ್ರಶ್ನೆ ಬರೆಯುವವರಿಗೆ ಈ ಲಾಗ್ ಎಂದರೆ ಅಚ್ಚುಮೆಚ್ಚು.

ಅನುಮಾನ ಬಂದಾಗ x = 1, x = −1 ಹಾಕಿ ನೋಡುವುದು ಒಳ್ಳೆಯ ಅಭ್ಯಾಸ. ಎರಡು ಬೆಲೆಗಳು ಸಮವೂ ಅಲ್ಲ, ಪರಸ್ಪರ ವಿರುದ್ಧವೂ ಅಲ್ಲ ಎಂದಾದರೆ ಆ ಫಲನಕ್ಕೆ ಎರಡು ಹೆಸರೂ ಸಲ್ಲುವುದಿಲ್ಲ ಎಂಬುದು ಅಲ್ಲೇ ಇತ್ಯರ್ಥ. ಆದರೆ ಈ ಪರೀಕ್ಷೆಗೆ ಅಲ್ಲಗಳೆಯುವ ಅಧಿಕಾರ ಮಾತ್ರ ಉಂಟು. ಒಂದು ಬಿಂದುವಿನಲ್ಲಿ ಹೊಂದಿದ ಮಾತ್ರಕ್ಕೆ ಎಲ್ಲ ಕಡೆ ಹೊಂದುತ್ತದೆ ಎಂದು ಅದು ಸಾಧಿಸಲಾರದು.

ಹೆಚ್ಚಿನ ಫಲನಗಳು ಸಮವೂ ಅಲ್ಲ, ಬೆಸವೂ ಅಲ್ಲ. eˣ ಇದಕ್ಕೆ ಸರಳ ಉದಾಹರಣೆ: x = 1 ಇದ್ದಾಗ ಸುಮಾರು 2.718, x = −1 ಇದ್ದಾಗ ಸುಮಾರು 0.368. ಇಂಥ ಕಡೆ ಸಮಮಿತಿಗೆ ಕೆಲಸವಿಲ್ಲ ಎಂದು ಬಿಟ್ಟುಬಿಡುವುದೇ ವಾಡಿಕೆ. ಐಐಟಿ ಪ್ರವೇಶಕ್ಕಾಗಿ ನಡೆಯುವ ಜೆಇಇ ಅಡ್ವಾನ್ಸ್‌ಡ್ ಪರೀಕ್ಷೆಯಲ್ಲಿ 2016ರಲ್ಲಿ ಕೇಳಿದ್ದ ಒಂದು ಪ್ರಶ್ನೆ ಈ ವಾಡಿಕೆಯನ್ನೇ ಗುರಿಯಾಗಿಟ್ಟಂತಿತ್ತು. −π/2ರಿಂದ π/2ರವರೆಗೆ:

∫ x² cos x / (1 + eˣ) dx

ಮೇಲಿರುವ x² cos x ಸಮ ಫಲನ. ಕೆಳಗಿರುವ 1 + eˣ ಅದನ್ನು ಕೆಡಿಸುತ್ತದೆ. x = 1ರಲ್ಲಿ ಇಡೀ ಫಲನದ ಬೆಲೆ ಸುಮಾರು 0.145, x = −1ರಲ್ಲಿ ಸುಮಾರು 0.395. ನಕ್ಷೆ ಬರೆದರೆ ಎಡಗಡೆ ದೊಡ್ಡ ದಿಬ್ಬ, ಬಲಗಡೆ ಸಣ್ಣ ದಿಬ್ಬ ಕಾಣುತ್ತದೆ. ಎಡಬಲಗಳಿಗೆ ತಾಳಮೇಳವೇ ಇಲ್ಲ ಅನ್ನಿಸುತ್ತದೆ.

ಈಗ ಅವೆರಡು ಬೆಲೆಗಳನ್ನು ಕೂಡಿ. 0.145ಕ್ಕೆ 0.395 ಸೇರಿದರೆ 0.540. ಅದು cos 1ರ ಬೆಲೆ. ಇದು ಕಾಕತಾಳೀಯವಲ್ಲ. 1/(1 + eˣ) ಎಂಬುದರಲ್ಲಿ −x ಹಾಕಿದರೆ 1/(1 + e⁻ˣ) ಬರುತ್ತದೆ; ಮೇಲೆ ಕೆಳಗೆ eˣ ನಿಂದ ಗುಣಿಸಿದರೆ ಅದೇ eˣ/(1 + eˣ). ಈ ಎರಡರ ಮೊತ್ತ (1 + eˣ)/(1 + eˣ), ಅಂದರೆ ನಿಖರವಾಗಿ 1. ಜಮಾಖರ್ಚಿನ ಪುಸ್ತಕದಲ್ಲಿ ಒಂದು ಬದಿ ಕಡಿಮೆ ಬಿದ್ದದ್ದನ್ನು ಇನ್ನೊಂದು ಬದಿ ಕಾಸಿಗೆ ಕಾಸು ತುಂಬಿಕೊಟ್ಟ ಹಾಗೆ. ಹಾಗಾಗಿ f(x) + f(−x) ಎಂದರೆ ಬರೀ x² cos x. ಘಾತೀಯ ಫಲನ ಲೆಕ್ಕದಿಂದಲೇ ಎದ್ದುಹೋಯಿತು.

ಉಳಿದದ್ದು ಸೊನ್ನೆಯಿಂದ π/2ವರೆಗೆ x² cos xನ ಅನುಕಲನ. ಭಾಗಶಃ ಅನುಕಲನ, ಅಂದರೆ ತರಗತಿಯ ಮಾತಿನಲ್ಲಿ ಬೈ ಪಾರ್ಟ್ಸ್, ಎರಡು ಸಲ ಮಾಡಿದರೆ x² sin x + 2x cos x − 2 sin x ಸಿಗುತ್ತದೆ. ಮಿತಿಗಳನ್ನು ಹಾಕಿದರೆ π²/4 − 2, ಸುಮಾರು 0.467. ಇಲ್ಲಿ x² cos xನ ಜಾಗದಲ್ಲಿ ಬೇರಾವ ಸಮ ಫಲನ ಇದ್ದರೂ ಇದೇ ಕತೆ. eˣ ಬದಲು 2ˣ ಇರಲಿ, ಘಾತದ ಮೇಲೆ x ಬದಲು x³ ಅಥವಾ sin x ಇರಲಿ, ಘಾತಾಂಕ ಬೆಸ ಫಲನವಾಗಿರುವ ತನಕ ಛೇದ ಕಾಣೆಯಾಗುತ್ತದೆ. ಸಮ, ಬೆಸ ಎಂಬ ಹಣೆಪಟ್ಟಿ ಹುಡುಕುವ ಮೊದಲು f(x), f(−x) ಕೂಡಿ ನೋಡಿ ಎಂದು ಅನುಭವಿ ಮೇಷ್ಟ್ರುಗಳು ಹೇಳುವುದು ಇದಕ್ಕೇ.

ಇಷ್ಟು ಸಲೀಸಾದ ಉಪಾಯ ಎಲ್ಲಿ ಕೈಕೊಡುತ್ತದೆ?

ಎನ್‌ಸಿಇಆರ್‌ಟಿಯ 12ನೇ ತರಗತಿಯ ಗಣಿತ ಪುಸ್ತಕ ಕರ್ನಾಟಕದ ಪಿಯು ಕಾಲೇಜುಗಳಲ್ಲೂ ಪಠ್ಯ. ಅದರ ಅನುಕಲನ ಅಧ್ಯಾಯದ ಅಭ್ಯಾಸದಲ್ಲಿ ಒಂದು ಬಹುಆಯ್ಕೆ ಪ್ರಶ್ನೆ ಇದೆ: −π/2ರಿಂದ π/2ರವರೆಗೆ x³ + x cos x + tan⁵ x + 1 ಇದರ ಅನುಕಲನ ಎಷ್ಟು? ನಿರೀಕ್ಷಿತ ಉತ್ತರ π. ಮೊದಲ ಮೂರು ಪದಗಳು ಬೆಸ, ಅವು ಸೊನ್ನೆ. 1ರ ಅನುಕಲನ ಮಿತಿಗಳ ಅಂತರ, ಅಂದರೆ π. ಲಕ್ಷಾಂತರ ಮಕ್ಕಳು ಹೀಗೆ ಟಿಕ್ ಹಾಕಿ ಮುಂದೆ ಹೋಗಿದ್ದಾರೆ.

ಆದರೆ tan x π/2 ಹತ್ತಿರ ಹೇಗಿರುತ್ತದೆ ಎಂದು ಒಮ್ಮೆ ನೋಡಬೇಕು. 89 ಡಿಗ್ರಿಯ ಟ್ಯಾಂಜೆಂಟ್ 57.29. ಅದರ ಐದನೇ ಘಾತ 61 ಕೋಟಿ ದಾಟುತ್ತದೆ. 90 ಡಿಗ್ರಿ ಸಮೀಪಿಸಿದಂತೆ ಅದಕ್ಕೆ ಮೇರೆಯೇ ಇಲ್ಲ, ವಕ್ರರೇಖೆಯ ಕೆಳಗಿನ ಜಾಗವೂ ಅನಂತವಾಗಿ ಬೆಳೆಯುತ್ತದೆ. ಮಡಿಕೆಯ ಸಾಧನೆಯ ಮೊದಲ ಹೆಜ್ಜೆ ನೆನಪಿರಲಿ: ಅನುಕಲನವನ್ನು ಸೊನ್ನೆಯ ಹತ್ತಿರ ಎರಡು ತುಂಡು ಮಾಡಿದ್ದು. ಪ್ರತಿ ತುಂಡಿಗೂ ಒಂದು ನಿಜವಾದ, ಸೀಮಿತವಾದ ಬೆಲೆ ಇದ್ದರೆ ಮಾತ್ರ ಆ ಹೆಜ್ಜೆ ಸಿಂಧು. ಇಲ್ಲಿ ಬಲತುಂಡು ಧನ ಅನಂತ, ಎಡತುಂಡು ಋಣ ಅನಂತ. ಅನಂತದಿಂದ ಅನಂತ ಕಳೆದರೆ ಸೊನ್ನೆ ಎನ್ನುವ ಹಕ್ಕು ಯಾರಿಗೂ ಇಲ್ಲ. ಕಟ್ಟುನಿಟ್ಟಾಗಿ ಹೇಳಿದರೆ ಆ ಪ್ರಶ್ನೆಯ ಅನುಕಲನಕ್ಕೆ ಬೆಲೆಯೇ ಇಲ್ಲ. ಮಿತಿಗಳನ್ನು −π/4 ಮತ್ತು π/4 ಎಂದು ಕೊಟ್ಟಿದ್ದರೆ ತಕರಾರು ಇರುತ್ತಿರಲಿಲ್ಲ, ಉತ್ತರ π/2 ಆಗುತ್ತಿತ್ತು. ಪರೀಕ್ಷೆಯಲ್ಲಿ ಬಂದರೆ π ಎಂದೇ ಗುರುತು ಹಾಕುವುದು ಜಾಣತನ, ಅದು ಬೇರೆ ಮಾತು.

ಅನಂತದಿಂದ ಅನಂತ ಕಳೆದರೆ ಏನಾಗುತ್ತದೆ ಎಂಬುದನ್ನು 1/x ಚೆನ್ನಾಗಿ ತೋರಿಸುತ್ತದೆ. ಅದು ಬೆಸ ಫಲನ, ಆದರೆ ಸೊನ್ನೆಯಲ್ಲಿ ಒಡೆದುಹೋಗುತ್ತದೆ. −1ರಿಂದ 1ರವರೆಗೆ ಹೋಗುವಾಗ ಆ ಬಿರುಕನ್ನು ಬಿಟ್ಟು ಲೆಕ್ಕ ಮಾಡೋಣ. ಎಡದಲ್ಲಿ −0.001ರ ತನಕ ಬಂದು ನಿಂತು, ಬಲದಲ್ಲಿ 0.001ರಿಂದ ಶುರು ಮಾಡಿದರೆ ಎರಡೂ ಸರಿತೂಗಿ ಸೊನ್ನೆ. ಬಲದಲ್ಲಿ 0.002ರಿಂದ ಶುರು ಮಾಡಿದರೆ? ಎಡಭಾಗ −6.908, ಬಲಭಾಗ 6.215, ಮೊತ್ತ −0.693, ಅಂದರೆ −log 2. ಬಿಡುವ ಜಾಗವನ್ನು ಇನ್ನೆಷ್ಟೇ ಕಿರಿದು ಮಾಡಿದರೂ, ಬಲದ ಅಂತರ ಎಡದ ಎರಡರಷ್ಟು ಇರುವ ತನಕ ಉತ್ತರ −0.693ರಲ್ಲೇ ನಿಲ್ಲುತ್ತದೆ. ಬೇಕಾದ ಅನುಪಾತ ಹಿಡಿದು ಬೇಕಾದ ಉತ್ತರ ಪಡೆಯಬಹುದು. ಎರಡೂ ಕಡೆ ಸಮನಾಗಿ ಬಿಟ್ಟು ಪಡೆದ ಸೊನ್ನೆಗೆ ಕೋಶಿ ಪ್ರಧಾನ ಬೆಲೆ ಎಂಬ ಹೆಸರಿದೆ, ಭೌತವಿಜ್ಞಾನದಲ್ಲಿ ಅದಕ್ಕೆ ಉಪಯೋಗವೂ ಇದೆ. ಆದರೆ ಅದು ಮಾಮೂಲಿ ಅನುಕಲನವಲ್ಲ. ಆದ್ದರಿಂದ ಸೊನ್ನೆ ಎಂದು ಬರೆಯುವ ಮುಂಚೆ ಎರಡು ಮಿತಿಗಳ ನಡುವೆ ಎಲ್ಲಾದರೂ ಛೇದ ಸೊನ್ನೆಯಾಗುತ್ತದೆಯೇ, tan ಅಥವಾ log ಸಿಡಿಯುತ್ತದೆಯೇ ಎಂದು ಕಣ್ಣಾಡಿಸಬೇಕು.

ಇನ್ನೊಂದು ಎಡವಟ್ಟು ಪ್ರಶ್ನೆಯ ಮಾತಿನಲ್ಲಿ ಅಡಗಿರುತ್ತದೆ. sin x ಅನ್ನು −πಯಿಂದ πವರೆಗೆ ಅನುಕಲಿಸಿದರೆ ಸೊನ್ನೆ. ಆದರೆ ವಕ್ರರೇಖೆ ಮತ್ತು ಅಕ್ಷದ ನಡುವಿನ ವಿಸ್ತೀರ್ಣ ಕೇಳಿದರೆ 4. ವಿಸ್ತೀರ್ಣಕ್ಕೆ |sin x| ಬೇಕು, ಅದು ಸಮ ಫಲನ. ಒಂದು ಬದಿಯ 2ನ್ನು ಇಮ್ಮಡಿ ಮಾಡಬೇಕು.

ಮಿತಿಗಳು ಸೊನ್ನೆಯ ಎರಡೂ ಬದಿ ಸಮದೂರದಲ್ಲಿ ಇಲ್ಲದಿದ್ದರೆ ಏನು ಮಾಡುವುದು? x³ ಅನ್ನು −1ರಿಂದ 2ರವರೆಗೆ ಕೊಟ್ಟರೆ −1ರಿಂದ 1ರ ಭಾಗವನ್ನು ಸೊನ್ನೆಯೆಂದು ಹೊಡೆದುಹಾಕಿ, 1ರಿಂದ 2ರ ಭಾಗ ಮಾತ್ರ ಲೆಕ್ಕ ಮಾಡಬಹುದು: (16 − 1)/4, ಅಂದರೆ 15/4. ಇದಕ್ಕಿಂತ ಒಳ್ಳೆಯ ದಾರಿ, ಮಡಿಸುವ ಗೆರೆಯನ್ನೇ ಸರಿಸುವುದು. ಸಮಮಿತಿಗೆ ಸೊನ್ನೆಯೇ ಆಗಬೇಕೆಂದಿಲ್ಲ, ಮಿತಿಗಳ ನಟ್ಟನಡುವಿನ ಬಿಂದು ಸಾಕು. aಯಿಂದ bವರೆಗಿನ ಅನುಕಲನದಲ್ಲಿ x ಬದಲು a + b − x ಹಾಕಿದರೆ ಆ ನಡುಬಿಂದುವಿನ ಸುತ್ತ ಮಡಿಸಿದಂತೆಯೇ. ಕೋಚಿಂಗ್ ಕ್ಲಾಸುಗಳಲ್ಲಿ ಇದು ಕಿಂಗ್ ರೂಲ್ ಎಂದು ಮೆರೆಯುತ್ತದೆ.

ಸೊನ್ನೆಯಿಂದ πವರೆಗೆ x sin x ತೆಗೆದುಕೊಳ್ಳಿ. ನಡುಬಿಂದು π/2. ಅಲ್ಲಿಂದ ಅಳೆದ ದೂರವನ್ನು u ಎಂದು ಕರೆದರೆ x = u + π/2, sin x ಎಂಬುದು cos u ಆಗುತ್ತದೆ, ಮಿತಿಗಳು −π/2 ಮತ್ತು π/2. ಒಳಗೆ u cos u + (π/2) cos u ಬಂತು. ಮೊದಲ ಪದ ಬೆಸ, ಬಿದ್ದುಹೋಯಿತು. ಎರಡನೆಯದರಲ್ಲಿ cos uನ ಅನುಕಲನ 2, ಅದನ್ನು π/2ರಿಂದ ಗುಣಿಸಿದರೆ ಉತ್ತರ π. ಬೈ ಪಾರ್ಟ್ಸ್‌ನ ಗೊಡವೆಯೇ ಬೇಕಾಗಲಿಲ್ಲ.

ಅದೇ ಮಿತಿಗಳಲ್ಲಿ x² sin x ಕೊಟ್ಟರೆ ಉಪಾಯ ಅರ್ಧದಾರಿ ಮಾತ್ರ ಜೊತೆ ಬರುತ್ತದೆ. (u + π/2)² ಬಿಡಿಸಿದರೆ u² + πu + π²/4. ನಡುವಿನ πu ಬೆಸ, ಅದು ಉದುರಿತು. ಕೊನೆಯ ಪದ π²/2 ಕೊಡುತ್ತದೆ. u² cos u ಸಮ ಫಲನ, ಅದು ಉಳಿದೇ ಉಳಿಯುತ್ತದೆ, ಅದಕ್ಕೆ ಬೈ ಪಾರ್ಟ್ಸ್ ಬೇಕೇ ಬೇಕು. ಅದೃಷ್ಟಕ್ಕೆ ಜೆಇಇ ಪ್ರಶ್ನೆಯಲ್ಲಿ ಆ ಕೆಲಸ ಆಗಲೇ ಮುಗಿದಿದೆ: ಅರ್ಧಭಾಗಕ್ಕೆ π²/4 − 2, ಇಮ್ಮಡಿ ಮಾಡಿದರೆ π²/2 − 4. ಎರಡನ್ನೂ ಕೂಡಿದರೆ π² − 4, ಸುಮಾರು 5.87.